ಮುಟ್ಟು ನಿಂತ ಮೇಲೆ ಹೊಟ್ಟೆ ಸೇರುವ ಕೊಬ್ಬು: ಎರಡು ಅಳತೆಗಳು ಹೇಳುವುದೇನು?

ಸೀರೆ ಉಡುವವರಿಗೆ ತಮ್ಮ ಸೊಂಟದ ಸುತ್ತಳತೆ ಹೆಚ್ಚಾದದ್ದು ಬೇಗ ಗೊತ್ತಾಗುವುದಿಲ್ಲ. ಲಂಗದ ಲಾಡಿಯನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಟ್ಟುತ್ತೇವೆ. ಅದು ಎಷ್ಟು ದೊಡ್ಡ ಸೊಂಟಕ್ಕೂ ಒಗ್ಗಿಕೊಳ್ಳುತ್ತದೆ. ಚೂಡಿದಾರದ ಪ್ಯಾಂಟಿಗೂ ಲಾಡಿ, ಇಲ್ಲವೇ ಎಲಾಸ್ಟಿಕ್. ನೈಟಿಗಂತೂ ಸೊಂಟದ ಅಳತೆಯೇ ಬೇಕಿಲ್ಲ. ಹಾಗಾಗಿ ನಲವತ್ತೈದರಿಂದ ಐವತ್ತೈದರವರೆಗಿನ ಹತ್ತು ವರ್ಷಗಳಲ್ಲಿ ಹೆಂಗಸರ ಮೈಯಲ್ಲಿ ನಡೆಯುವ ಒಂದು ದೊಡ್ಡ ಬದಲಾವಣೆ ಉಟ್ಟ ಬಟ್ಟೆಯ ಒಳಗೇ ಮುಗಿದುಹೋಗುತ್ತದೆ. ಯಾವಾಗಲೋ ಒಮ್ಮೆ ತೂಕ ನೋಡಿಕೊಂಡರೆ ಅದೂ ಹೆಚ್ಚೇನೂ ಏರಿರುವುದಿಲ್ಲ. "ತೂಕ ಮೊದಲಿನಷ್ಟೇ ಇದೆ, ಆದರೆ ಹೊಟ್ಟೆ ಮಾತ್ರ ಬಂದಿದೆ" ಎಂದು ಈ ವಯಸ್ಸಿನವರು ಹೇಳುವುದನ್ನು ಎಲ್ಲರೂ ಕೇಳಿದ್ದೇವೆ. ಅದು ಬರಿಯ ಅನಿಸಿಕೆಯಲ್ಲ, ದೇಹದಲ್ಲಿ ನಿಜಕ್ಕೂ ಹಾಗೆಯೇ ನಡೆದಿರುತ್ತದೆ. ಅದನ್ನು ಪತ್ತೆ ಹಚ್ಚಲು ಸ್ಕ್ಯಾನಿಂಗ್ ಬೇಕಾಗಿಲ್ಲ. ದರ್ಜಿಯ ಬಳಿ ಇರುವಂಥ ಒಂದು ಟೇಪು, ಎರಡು ಸರಿಯಾದ ಜಾಗ, ಹತ್ತು ನಿಮಿಷ ಇದ್ದರೆ ಸಾಕು.

ತೂಕದ ಯಂತ್ರ ಏಕೆ ಸುಮ್ಮನಿರುತ್ತದೆ?

ಮುಟ್ಟು ನಿಲ್ಲುವ ಕಾಲದಲ್ಲಿ ಮೈಯಲ್ಲಿ ಏನೇನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಅಧ್ಯಯನಗಳಲ್ಲಿ ಅಮೆರಿಕದ 'ಸ್ವಾನ್' ಮುಖ್ಯವಾದುದು. 1996ರಲ್ಲಿ ಶುರುವಾದ ಈ ಅಧ್ಯಯನ, ಇನ್ನೂ ಮುಟ್ಟು ಬರುತ್ತಿದ್ದ ನಡುವಯಸ್ಸಿನ ಹೆಂಗಸರನ್ನು ಸೇರಿಸಿಕೊಂಡು, ಅವರ ಮುಟ್ಟು ನಿಂತ ಬಳಿಕವೂ ಅಳತೆ ಮುಂದುವರಿಸಿತು. ಅವರಲ್ಲಿ ಸುಮಾರು 1,250 ಮಂದಿಯ ದೇಹದಲ್ಲಿ ಕೊಬ್ಬೆಷ್ಟು, ಕೊಬ್ಬಲ್ಲದ ಭಾಗ ಎಷ್ಟು ಎಂದು ಎಕ್ಸ್‌ರೇ ಆಧಾರದ ಯಂತ್ರದಿಂದ ಮತ್ತೆ ಮತ್ತೆ ಅಳೆದು ಮಾಡಿದ ಲೆಕ್ಕ 2019ರಲ್ಲಿ ಪ್ರಕಟವಾಯಿತು.

ಅದರಲ್ಲಿ ಕಂಡದ್ದು ಹೀಗಿದೆ. ಕೊನೆಯ ಮುಟ್ಟಿಗೆ ಸುಮಾರು ಎರಡು ವರ್ಷ ಮೊದಲಿನವರೆಗೆ ಕೊಬ್ಬು ನಿಧಾನವಾಗಿ ಏರುತ್ತಿತ್ತು. ಅಲ್ಲಿಂದ ಮುಂದೆ ಏರುವ ವೇಗ ದುಪ್ಪಟ್ಟಾಯಿತು. ಅದೇ ಹೊತ್ತಿಗೆ ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ ಇಳಿಯತೊಡಗಿತು. ಕೊನೆಯ ಮುಟ್ಟು ಕಳೆದು ಎರಡು ವರ್ಷ ಆಗುವವರೆಗೂ ಹೀಗೇ ನಡೆದು, ಆಮೇಲೆ ಎರಡೂ ಒಂದು ಹದಕ್ಕೆ ಬಂದವು. ಈ ನಾಲ್ಕು ವರ್ಷಗಳಲ್ಲಿ ತೂಕದ ಗೆರೆ ಮಾತ್ರ ಎಲ್ಲೂ ತಿರುವು ಪಡೆಯಲಿಲ್ಲ. ಮೊದಲು ಹೇಗೆ ಏರುತ್ತಿತ್ತೋ ಹಾಗೆಯೇ ಏರುತ್ತಾ ಹೋಯಿತು. ಒಂದು ಕಡೆ ಕೊಬ್ಬು ಕೂಡುತ್ತಿತ್ತು, ಇನ್ನೊಂದು ಕಡೆ ಸ್ನಾಯು ಕಳೆಯುತ್ತಿತ್ತು. ತೂಕದ ಯಂತ್ರ ಇವೆರಡರ ಮೊತ್ತವನ್ನಷ್ಟೇ ತೋರಿಸುತ್ತದೆ.

ಎರಡು ಕಾರಣಗಳನ್ನು ಇಲ್ಲಿ ಬೇರೆ ಬೇರೆಯಾಗಿ ನೋಡಬೇಕು. ವಯಸ್ಸಾದಂತೆ ಓಡಾಟ ಕಡಿಮೆಯಾಗಿ, ಊಟ ಹಾಗೇ ಉಳಿದು, ತೂಕ ಸ್ವಲ್ಪ ಸ್ವಲ್ಪವಾಗಿ ಏರುವುದು ಗಂಡಸರಲ್ಲೂ ಹೆಂಗಸರಲ್ಲೂ ಇದ್ದದ್ದೇ. ಅದಕ್ಕೆ ಮುಟ್ಟು ನಿಂತದ್ದು ಕಾರಣವಲ್ಲ. ಮುಟ್ಟು ನಿಲ್ಲುವುದರ ಕೈವಾಡ ಇರುವುದು ಕೊಬ್ಬು ಎಲ್ಲಿ ಕೂರಬೇಕು ಎಂಬುದರಲ್ಲಿ. ತೊಡೆ ಮತ್ತು ಪೃಷ್ಠದಲ್ಲಿ ಕೂರಬೇಕಿದ್ದ ಕೊಬ್ಬು ಹೊಟ್ಟೆಯಲ್ಲಿ ಕೂರತೊಡಗುತ್ತದೆ.

ಹಾರ್ಮೋನು ಜಾಗ ಗೊತ್ತುಮಾಡುವ ಬಗೆ

ಮುಟ್ಟಾಗುತ್ತಿರುವ ವರ್ಷಗಳಲ್ಲಿ ಅಂಡಾಶಯ ಈಸ್ಟ್ರೋಜನ್ ಹಾರ್ಮೋನನ್ನು ಧಾರಾಳವಾಗಿ ತಯಾರಿಸುತ್ತದೆ. ತೊಡೆ ಮತ್ತು ಪೃಷ್ಠದ ಕೊಬ್ಬಿನ ಕೋಶಗಳು ಈ ಹಾರ್ಮೋನಿನ ಪ್ರಭಾವದಲ್ಲಿ ಕೊಬ್ಬನ್ನು ಸುಲಭವಾಗಿ ಒಳಗೆ ತೆಗೆದುಕೊಳ್ಳುತ್ತವೆ, ಆದರೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದೇಹಕ್ಕೆ ಶಕ್ತಿ ಬೇಕಾದಾಗ 'ಕೊಬ್ಬು ಬಿಡು' ಎಂದು ಬರುವ ಅಡ್ರಿನಲಿನ್ ಸಂದೇಶಕ್ಕೆ ಅಲ್ಲಿನ ಕೋಶಗಳು ಅಷ್ಟಾಗಿ ಓಗೊಡುವುದಿಲ್ಲ. ಬಸಿರು, ಬಾಣಂತನ, ಮೊಲೆಹಾಲಿನ ಕಾಲಕ್ಕೆ ಬೇಕಾಗುವ ದಾಸ್ತಾನು ಅದು. ಹರೆಯದಲ್ಲಿ ಹೆಂಗಸರ ಮೈ ಸೊಂಟದಲ್ಲಿ ಸಣ್ಣಗಿದ್ದು ಕೆಳಗೆ ಅಗಲವಾಗುವುದು ಇದರಿಂದಲೇ.

ಮುಟ್ಟು ನಿಲ್ಲುವ ಹೊತ್ತಿಗೆ ಅಂಡಾಶಯದ ಈಸ್ಟ್ರೋಜನ್ ತೀರಾ ಇಳಿದುಬಿಡುತ್ತದೆ. ಹೆಂಗಸರ ಮೈಯಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುವ ಟೆಸ್ಟೋಸ್ಟಿರೋನಿನಂಥ ಹಾರ್ಮೋನುಗಳು ಅಷ್ಟು ಥಟ್ಟನೆ ಇಳಿಯುವುದಿಲ್ಲ. ಹೀಗಾಗಿ ಎರಡರ ನಡುವಿನ ತೂಗು ಬದಲಾಗುತ್ತದೆ. ತೊಡೆ, ಪೃಷ್ಠಗಳು ಹೊಸ ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ಮೊದಲಿನ ಶಕ್ತಿ ಕಳೆದುಕೊಳ್ಳುತ್ತವೆ, ಹೆಚ್ಚಾದ ಕೊಬ್ಬು ಗಂಡಸರಲ್ಲಿ ಸೇರುವಂತೆ ಹೊಟ್ಟೆಯಲ್ಲಿ ಸೇರುತ್ತದೆ. ತೊಡೆಯ ಕೊಬ್ಬೇ ಜಾರಿಕೊಂಡು ಹೊಟ್ಟೆಗೆ ಬರುತ್ತದೆ ಎಂದು ತಿಳಿಯಬಾರದು. ಹೊಸದಾಗಿ ಜಮೆಯಾಗುವ ಜಾಗ ಬದಲಾಗಿರುತ್ತದೆ, ಅಷ್ಟೆ.

ಹೊಟ್ಟೆಯಲ್ಲೂ ಕೊಬ್ಬಿಗೆ ಎರಡು ನೆಲೆಗಳಿವೆ. ಒಂದು ಚರ್ಮದ ಕೆಳಗಿನದು, ಬೆರಳಿನಿಂದ ಹಿಡಿದರೆ ಮಡಿಕೆಯಾಗಿ ಸಿಗುತ್ತದೆ. ಇನ್ನೊಂದು ಹೊಟ್ಟೆಯ ಸ್ನಾಯುಗಳ ಒಳಗೆ, ಕರುಳಿನ ಸುತ್ತ ಮತ್ತು ಕರುಳಿನ ಮುಂದೆ ಇಳಿಬಿದ್ದಿರುವ ಪೊರೆಯಲ್ಲಿ ಸೇರುವಂಥದ್ದು. ಇದು ಬೆರಳಿಗೆ ಸಿಗುವುದಿಲ್ಲ. ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ನೂಕಿ ಗಟ್ಟಿಯಾಗಿ ಉಬ್ಬಿಸುತ್ತದೆ. ಮುಟ್ಟು ನಿಲ್ಲುವ ಆಚೀಚೆ ವೇಗವಾಗಿ ಹೆಚ್ಚುವುದು ಮುಖ್ಯವಾಗಿ ಈ ಒಳಗಿನ ಕೊಬ್ಬು. ಇದು ತನ್ನಲ್ಲಿರುವ ಕೊಬ್ಬಿನ ಆಮ್ಲಗಳನ್ನು ಬೇಗ ಬೇಗ ಬಿಡುತ್ತದೆ. ಇಲ್ಲಿಂದ ಹೊರಟ ರಕ್ತ ನೇರವಾಗಿ ಲಿವರಿಗೆ ಹೋಗುತ್ತದೆ. ಕೊಬ್ಬು ತುಂಬಿಕೊಂಡ ಲಿವರ್ ಇನ್ಸುಲಿನ್‌ನ ಮಾತನ್ನು ಸರಿಯಾಗಿ ಕೇಳದೆ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ, ಟ್ರೈಗ್ಲಿಸರೈಡನ್ನೂ ಹೆಚ್ಚು ತಯಾರಿಸುತ್ತದೆ. ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಹೃದಯದ ತೊಂದರೆ ಈ ವಯಸ್ಸಿನಲ್ಲಿ ಒಂದರ ಬೆನ್ನಿಗೊಂದು ಬರುವುದರ ಹಿಂದೆ ಇದರ ಪಾಲು ದೊಡ್ಡದು.

ಜಾಗ ಎಷ್ಟು ಮುಖ್ಯ ಎಂಬುದಕ್ಕೆ 2004ರ ಒಂದು ಪ್ರಯೋಗವನ್ನು ನೋಡಬಹುದು. ಅಮೆರಿಕದಲ್ಲಿ ಬೊಜ್ಜಿನಿಂದ ಬಳಲುತ್ತಿದ್ದ 15 ಹೆಂಗಸರ ಹೊಟ್ಟೆಯಿಂದ ಲೈಪೊಸಕ್ಷನ್ ಶಸ್ತ್ರಚಿಕಿತ್ಸೆಯ ಮೂಲಕ ಸುಮಾರು ಹತ್ತು ಕೆ.ಜಿ.ಯಷ್ಟು ಕೊಬ್ಬನ್ನು ಹೀರಿ ತೆಗೆದರು. ಎರಡೂವರೆ ಮೂರು ತಿಂಗಳ ನಂತರ ಪರೀಕ್ಷಿಸಿದಾಗ ಅವರ ಇನ್ಸುಲಿನ್ ಕೆಲಸ, ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದೂ ಸುಧಾರಿಸಿರಲಿಲ್ಲ. ಆ ಶಸ್ತ್ರಚಿಕಿತ್ಸೆ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. ಒಳಗಿನದು ಇದ್ದಲ್ಲೇ ಇತ್ತು.

ಎರಡು ಅಳತೆಗಳ ಹಿನ್ನೆಲೆ

ಬೊಜ್ಜು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಬೇಕು ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜ್ಯಾಂ ವಾಗ್. ದೇಹದ ಮೇಲ್ಭಾಗದಲ್ಲಿ ಸೇರುವ ಗಂಡಸರ ಬಗೆಯ ಬೊಜ್ಜು, ಕೆಳಭಾಗದಲ್ಲಿ ಸೇರುವ ಹೆಂಗಸರ ಬಗೆಯ ಬೊಜ್ಜು ಎಂದು 1947ರಲ್ಲಿ ಅವರು ಎರಡಾಗಿ ವಿಂಗಡಿಸಿದರು. ಮೊದಲನೆಯದು ಸಕ್ಕರೆ ಕಾಯಿಲೆಗೂ ರಕ್ತನಾಳದ ಕಾಯಿಲೆಗೂ ದಾರಿ ಮಾಡುತ್ತದೆ ಎಂಬುದು ಅವರ ವಾದವಾಗಿತ್ತು. ಅವರ ಮಾತಿಗೆ ಬಲ ಬಂದದ್ದು 1984ರಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 1960ರ ದಶಕದ ಕೊನೆಯಲ್ಲಿ ಅಳತೆ ತೆಗೆದುಕೊಂಡಿದ್ದ 1,462 ಹೆಂಗಸರನ್ನು ಹನ್ನೆರಡು ವರ್ಷ ಗಮನಿಸಿದ ವರದಿ ಆಗ ಹೊರಬಂತು. ಪೃಷ್ಠದ ಅಳತೆಗೆ ಹೋಲಿಸಿದಾಗ ಯಾರ ಸೊಂಟ ದೊಡ್ಡದಿತ್ತೋ ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದ್ದವು. ಅಂದಿನಿಂದ ಸೊಂಟದ ಅಳತೆಯನ್ನು ಪೃಷ್ಠದ ಅಳತೆಯಿಂದ ಭಾಗಿಸುವ ಲೆಕ್ಕ ವೈದ್ಯಲೋಕದಲ್ಲಿ ನೆಲೆಯಾಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆಂಗಸರಲ್ಲಿ ಈ ಭಾಗಲಬ್ಧ 0.85 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಗಣನೀಯ. ಸೊಂಟವೊಂದನ್ನೇ ನೋಡುವುದಾದರೆ ಭಾರತದ ಹೆಂಗಸರಿಗೆ 80 ಸೆಂ.ಮೀ., ಅಂದರೆ 31 ಇಂಚೂವರೆ, ಎಚ್ಚರಿಕೆಯ ಗೆರೆ. ಯುರೋಪಿನ ಹೆಂಗಸರ ವಿಷಯದಲ್ಲಿ 88 ಸೆಂ.ಮೀ. ದಾಟಿದಾಗ ಹೇಳುವ ಗಂಭೀರ ಮಾತನ್ನು ನಮ್ಮವರಿಗೆ 80ಕ್ಕೇ ಹೇಳಬೇಕಾಗಿದೆ. ಒಂದೇ ಎತ್ತರ, ಒಂದೇ ತೂಕ ಇದ್ದರೂ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದರಲ್ಲೂ ಹೊಟ್ಟೆಯೊಳಗೆ ಹೆಚ್ಚು ಎಂಬುದೇ ಇದಕ್ಕೆ ಕಾರಣ.

ಅಳೆಯುವುದು ಹೇಗೆ?

ತಪ್ಪು ಜಾಗದಲ್ಲಿ ತೆಗೆದ ಅಳತೆ ಒಂದೂ ಕೆಲಸಕ್ಕೆ ಬರುವುದಿಲ್ಲ. ಹೆಚ್ಚಿನವರು ಟೇಪನ್ನು ಹೊಕ್ಕುಳಿನ ಮೇಲೆ, ಇಲ್ಲವೇ ಲಂಗದ ಲಾಡಿ ಕಟ್ಟುವಲ್ಲಿ ಸುತ್ತಿಬಿಡುತ್ತಾರೆ. ಹೊಟ್ಟೆ ಜೋತುಬಿದ್ದಾಗ ಹೊಕ್ಕುಳೂ ಕೆಳಗೆ ಸರಿಯುತ್ತದೆ. ಲಾಡಿಯ ಜಾಗ ಒಬ್ಬೊಬ್ಬರಿಗೆ ಒಂದೊಂದು. ಆದ್ದರಿಂದ ಮೂಳೆಯನ್ನೇ ಗುರುತಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಅದು ಕೊಬ್ಬಿನೊಂದಿಗೆ ಜರುಗುವುದಿಲ್ಲ.

ಬೆಳಿಗ್ಗೆ ತಿಂಡಿಗೆ ಮೊದಲು, ಮೂತ್ರ ವಿಸರ್ಜನೆ ಮಾಡಿ ಬಂದು, ಲಂಗದ ಲಾಡಿ ಸಡಿಲಿಸಿ, ಹೊಟ್ಟೆಯ ಮೇಲೆ ಬಟ್ಟೆ ಇಲ್ಲದಂತೆ ನಿಲ್ಲಿ. ಎರಡು ಪಾದಗಳೂ ಹತ್ತಿರ ಇರಲಿ, ತೂಕ ಎರಡೂ ಕಾಲಿನ ಮೇಲೆ ಸಮವಾಗಿ ಬೀಳಲಿ. ಕಂಕುಳಿನಿಂದ ನೇರವಾಗಿ ಕೆಳಗೆ ಬೆರಳಾಡಿಸಿಕೊಂಡು ಬಂದರೆ ಕೊನೆಯ ಪಕ್ಕೆಲುಬಿನ ಅಂಚು ಸಿಗುತ್ತದೆ. ಅಲ್ಲೊಂದು ಪೆನ್ನಿನ ಗುರುತು ಮಾಡಿ. ಇನ್ನೂ ಕೆಳಗೆ ಬಂದರೆ, ಕೂಸನ್ನು ಎತ್ತಿಕೊಳ್ಳುವಾಗ ಕೂರಿಸುವ ಜಾಗದಲ್ಲಿ, ಸೊಂಟದ ಮೂಳೆಯ ಮೇಲಂಚು ಗಟ್ಟಿಯಾಗಿ ಕೈಗೆ ತಾಕುತ್ತದೆ. ಅಲ್ಲೂ ಒಂದು ಗುರುತು. ಈ ಎರಡರ ಸರಿ ನಡುವೆ ಟೇಪು ಬರಬೇಕು. ದಪ್ಪಗಿರುವವರಿಗೆ ಈ ಮೂಳೆಗಳು ಸುಲಭವಾಗಿ ಸಿಗುವುದಿಲ್ಲ, ಸ್ವಲ್ಪ ಒತ್ತಿ ಹುಡುಕಬೇಕಾಗುತ್ತದೆ.

ಟೇಪು ಹಿಂದೆಯೂ ಮುಂದೆಯೂ ನೆಲಕ್ಕೆ ಸಮಾನಾಂತರವಾಗಿರಬೇಕು. ಒಬ್ಬರೇ ಅಳೆದುಕೊಂಡರೆ ಬೆನ್ನ ಹಿಂದೆ ಅದು ಇಳಿದುಬಿಡುವುದು ಸಾಮಾನ್ಯ. ಮಗಳೋ ಸೊಸೆಯೋ ಸಹಾಯಕ್ಕೆ ಇದ್ದರೆ ಒಳ್ಳೆಯದು, ಇಲ್ಲವಾದರೆ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನೋಡಿಕೊಳ್ಳಬಹುದು. ಟೇಪು ಮೈಗೆ ತಾಗಿರಬೇಕು, ಮೈಯನ್ನು ಒತ್ತಬಾರದು. ಉಸಿರು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ ಅಂಕಿಯನ್ನು ಓದಬೇಕು. ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುವುದು ಎಲ್ಲರಿಗೂ ಅಭ್ಯಾಸ. ಎರಡು ಮೂರು ಸಲ ಸರಾಗವಾಗಿ ಉಸಿರಾಡಿದರೆ ಆ ಬಿಗಿ ತಾನಾಗಿ ಹೋಗುತ್ತದೆ.

ಪೃಷ್ಠದ ಅಳತೆಗೆ ಮೂಳೆ ಹುಡುಕಬೇಕಾಗಿಲ್ಲ. ಪಕ್ಕದಿಂದ ನೋಡಿದಾಗ ಹಿಂಭಾಗ ಎಲ್ಲಿ ಅತಿ ಹೆಚ್ಚು ಹೊರಚಾಚಿರುತ್ತದೋ ಅಲ್ಲಿ ಟೇಪು ಸುತ್ತಬೇಕು. ಗೊತ್ತಾಗದಿದ್ದರೆ ಟೇಪನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ ಅಳೆದು, ಅತಿ ದೊಡ್ಡ ಅಂಕಿಯನ್ನು ತೆಗೆದುಕೊಳ್ಳಿ. ಒಂದೊಂದು ಜಾಗವನ್ನೂ ಎರಡು ಸಲ ಅಳೆಯಬೇಕು. ಎರಡರ ನಡುವೆ ಒಂದು ಸೆಂ.ಮೀ. ಒಳಗಿನ ವ್ಯತ್ಯಾಸ ಇದ್ದರೆ ಸರಾಸರಿ ತೆಗೆಯಿರಿ, ಹೆಚ್ಚಿದ್ದರೆ ಎರಡನ್ನೂ ಬಿಟ್ಟು ಮತ್ತೆ ಅಳೆಯಿರಿ. ಹಳೆಯ ಬಟ್ಟೆಯ ಟೇಪು ಬಳಸಿ ಬಳಸಿ ಹಿಗ್ಗಿರುತ್ತದೆ, ಹಿಗ್ಗಿದ ಟೇಪು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ಮಕ್ಕಳ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಇಂಚಿನಲ್ಲಿ ಅಳೆದರೂ ಭಾಗಲಬ್ಧ ಒಂದೇ ಬರುತ್ತದೆ, ಎರಡೂ ಅಳತೆ ಇಂಚಿನಲ್ಲೇ ಇದ್ದರಾಯಿತು.

ಒಂದು ಲೆಕ್ಕ ಮಾಡಿ ನೋಡೋಣ

ವಿಷಯ ತಿಳಿಯಾಗಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹೆಣ್ಣುಮಗಳೊಬ್ಬಳ ಎತ್ತರ 152 ಸೆಂ.ಮೀ. ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಮುಟ್ಟು ಇನ್ನೂ ಸರಿಯಾಗಿ ಬರುತ್ತಿದ್ದಾಗ, ತೂಕ 52 ಕೆ.ಜಿ., ಸೊಂಟ 76 ಸೆಂ.ಮೀ., ಪೃಷ್ಠ 93 ಸೆಂ.ಮೀ. ಆರು ವರ್ಷ ಕಳೆದು, ಮುಟ್ಟು ನಿಂತು ಎರಡು ವರ್ಷವಾದ ಮೇಲೆ, ತೂಕ 53 ಕೆ.ಜಿ., ಸೊಂಟ 82, ಪೃಷ್ಠ 92.

ತೂಕದ ಕಡೆಯಿಂದ ನೋಡಿದರೆ ಆರು ವರ್ಷಕ್ಕೆ ಒಂದೇ ಕೆ.ಜಿ. ಎತ್ತರ ಮತ್ತು ತೂಕ ಸೇರಿಸಿ ಲೆಕ್ಕ ಹಾಕುವ ಬಿಎಂಐ 22.5ರಿಂದ 22.9ಕ್ಕೆ ಬಂದಿದೆ. ಭಾರತೀಯರಿಗೆ 23ರಿಂದ ಹೆಚ್ಚು ತೂಕ ಎಂದು ಎಣಿಸುವುದರಿಂದ ಆಕೆ ಈಗಲೂ ಗೆರೆಯ ಒಳಗೇ ಇದ್ದಾಳೆ. ಆರೋಗ್ಯ ತಪಾಸಣೆಯ ಚೀಟಿಯಲ್ಲಿ 'ನಾರ್ಮಲ್' ಎಂದು ಬರೆದಿರುತ್ತದೆ.

ಈಗ ಟೇಪಿನ ಲೆಕ್ಕ. ಮೊದಲು 76 ಭಾಗಿಸು 93, ಅಂದರೆ 0.82. ಈಗ 82 ಭಾಗಿಸು 92, ಅಂದರೆ 0.89. ಸೊಂಟ 80ರ ಗೆರೆ ದಾಟಿದೆ, ಭಾಗಲಬ್ಧ 0.85ರ ಗೆರೆ ದಾಟಿದೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬ ಇನ್ನೊಂದು ಸುಲಭದ ನಿಯಮವಿದೆ. ಆಕೆಯ ಎತ್ತರದ ಅರ್ಧ 76. ಆರು ವರ್ಷದ ಹಿಂದೆ ಸರಿಯಾಗಿ ಆ ಗೆರೆಯ ಮೇಲಿದ್ದವಳು ಈಗ ಆರು ಸೆಂ.ಮೀ. ಆಚೆ ಇದ್ದಾಳೆ.

ಈ ಲೆಕ್ಕದಲ್ಲಿ ಹೆಚ್ಚು ಗಮನಿಸಬೇಕಾದದ್ದು ಪೃಷ್ಠದ ಅಳತೆ ಒಂದು ಸೆಂ.ಮೀ. ಇಳಿದಿರುವುದು. 'ಸಣ್ಣಗಾಗಿದ್ದೇನೆ' ಎಂದು ಆಕೆಗೆ ಅನಿಸಿರಬಹುದು. ಆದರೆ ತೂಕ ಇಳಿಯದೆ, ಸೊಂಟ ಏರಿ, ಪೃಷ್ಠ ಇಳಿದರೆ ಅಲ್ಲಿನ ಸ್ನಾಯು ಕರಗುತ್ತಿರುವ ಸಾಧ್ಯತೆ ಇದೆ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಕೆಲಸ ತೊಡೆ ಮತ್ತು ಪೃಷ್ಠದ ಸ್ನಾಯುಗಳದ್ದು. ಅವು ಕಡಿಮೆಯಾದರೆ ಅದೂ ನಷ್ಟವೇ. ಅಷ್ಟೇ ಅಲ್ಲ, ಕಾಲಿನ ಕೊಬ್ಬು ಕೂಡ ಒಂದು ರೀತಿಯ ರಕ್ಷಣೆ. ಮುಟ್ಟು ನಿಂತ, ಬಿಎಂಐ ಸರಿಯಾಗಿದ್ದ 2,683 ಅಮೆರಿಕನ್ ಹೆಂಗಸರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನಡುಮೈಯಲ್ಲಿ ಕೊಬ್ಬು ಹೆಚ್ಚಿದ್ದು ಕಾಲಿನಲ್ಲಿ ಕಡಿಮೆ ಇದ್ದವರಿಗೆ, ಅದರ ವಿರುದ್ಧ ಬಗೆಯವರಿಗೆ ಹೋಲಿಸಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಅಪಾಯ ಮೂರು ಪಟ್ಟಿಗೂ ಹೆಚ್ಚಿತ್ತು. ಅವರ್ಯಾರೂ ತೂಕದ ಲೆಕ್ಕದಲ್ಲಿ ದಪ್ಪನೆಯವರಾಗಿರಲಿಲ್ಲ.

ಹೀಗಾಗಿ ಭಾಗಲಬ್ಧವೊಂದನ್ನೇ ಬರೆದಿಟ್ಟುಕೊಂಡರೆ ಸಾಲದು, ಎರಡೂ ಅಳತೆಗಳನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಸೊಂಟ ಏರಿದ್ದರಿಂದಲೂ 0.89 ಆಗಬಹುದು, ಪೃಷ್ಠ ಇಳಿದದ್ದರಿಂದಲೂ ಆಗಬಹುದು. ಎರಡೂ ಒಟ್ಟಿಗೆ ಏರಿದರೆ ಮೈ ದಪ್ಪವಾಗುತ್ತಿದ್ದರೂ ಭಾಗಲಬ್ಧ ಇದ್ದಲ್ಲೇ ಇರುತ್ತದೆ, ನೋಡಿದವರಿಗೆ ಸುಳ್ಳು ಸಮಾಧಾನ ಕೊಡುತ್ತದೆ. ಹಾಗೆಯೇ ತೂಕ ಇಳಿಸುವಾಗ ಎರಡು ಕಡೆಯೂ ಇಳಿದರೆ ಭಾಗಲಬ್ಧ ಅಷ್ಟಾಗಿ ಬದಲಾಗದೆ ನಿರಾಸೆ ತರಬಹುದು. ಆಗ ನಂಬಬೇಕಾದದ್ದು ಸೊಂಟದ ಅಳತೆಯನ್ನು.

ಟೇಪು ಮೋಸ ಹೋಗುವುದು ಯಾವಾಗ?

ಟೇಪು ಒಳಗಿನ ಕೊಬ್ಬನ್ನೂ ಚರ್ಮದ ಕೆಳಗಿನ ಕೊಬ್ಬನ್ನೂ ಬೇರೆ ಮಾಡಿ ತೋರಿಸಲಾರದು. ಅದು ಸ್ಕ್ಯಾನಿಂಗ್‌ನ ಕೆಲಸ. ಗೆರೆಯ ಹತ್ತಿರ ಇರುವವರಲ್ಲಿ ಒಂದೆರಡು ಸೆಂ.ಮೀ. ತಪ್ಪೂ ಫಲಿತಾಂಶ ಬದಲಿಸುತ್ತದೆ. ಪೃಷ್ಠ 92 ಇದ್ದಾಗ ಸೊಂಟ 78 ಎಂದು ಓದಿದರೆ 0.85ರ ಹೊಸಿಲಿನಲ್ಲಿದ್ದೀರಿ, 80 ಎಂದು ಓದಿದರೆ 0.87. ಆದ್ದರಿಂದ ಒಂದು ದಿನದ ಅಂಕಿಗೆ ಹೆದರಬೇಕಾಗಿಲ್ಲ. ಒಂದೇ ಜಾಗದಲ್ಲಿ, ಒಂದೇ ಟೇಪಿನಿಂದ ಆರು ತಿಂಗಳಿಗೊಮ್ಮೆ ತೆಗೆದ ಅಳತೆಗಳ ಸಾಲು ಯಾವ ಕಡೆಗೆ ಹೊರಟಿದೆ ಎಂಬುದನ್ನು ನೋಡಬೇಕು.

ಹೊಟ್ಟೆ ಮುಂದೆ ಬರಲು ಕೊಬ್ಬಲ್ಲದ ಕಾರಣಗಳೂ ಇವೆ. ಮುಟ್ಟು ನಿಂತ ಮೇಲೆ ಮೂಳೆ ಸವೆದು ಬೆನ್ನುಮೂಳೆಯ ಬಿಲ್ಲೆಗಳು ಕುಸಿದರೆ ಎತ್ತರ ಕಡಿಮೆಯಾಗಿ, ಪಕ್ಕೆಲುಬು ಸೊಂಟದ ಮೂಳೆಯ ಹತ್ತಿರಕ್ಕೆ ಬಂದು, ನಡುವೆ ಇದ್ದ ಹೊಟ್ಟೆ ಹೊರಗೆ ಉಬ್ಬುತ್ತದೆ. ಹೊಟ್ಟೆ ಹೆಚ್ಚಾಗುವುದರ ಜೊತೆಗೆ ಎತ್ತರವೂ ಇಳಿದಿದೆ ಎನಿಸಿದರೆ ವೈದ್ಯರಿಗೆ ತೋರಿಸಬೇಕು. ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬಿ, ಸ್ವಲ್ಪ ಉಂಡರೂ ತುಂಬಿದಂತಾಗಿ, ಹಸಿವು ಕುಗ್ಗಿ, ಕೈಕಾಲು ಬಡವಾಗುತ್ತಿದ್ದರೆ ಅದನ್ನು ಬೊಜ್ಜು ಎಂದು ಬಿಡುವಂತಿಲ್ಲ. ಲಿವರಿನ ತೊಂದರೆಯಿಂದ ನೀರು ತುಂಬಿರಬಹುದು, ಅಂಡಾಶಯದ ಗಡ್ಡೆಯೂ ಇರಬಹುದು. ಮುಟ್ಟು ನಿಂತ ಮೇಲಿನ ಕೊಬ್ಬು ಬರುವುದು ವರ್ಷಗಳ ಲೆಕ್ಕದಲ್ಲಿ, ವಾರಗಳ ಲೆಕ್ಕದಲ್ಲಿ ಅಲ್ಲ.

ಗರ್ಭಕೋಶ ತೆಗೆಸಿಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಈಸ್ಟ್ರೋಜನ್ ಬರುತ್ತಲೇ ಇರುತ್ತದೆ, ಮೇಲೆ ಹೇಳಿದ ಬದಲಾವಣೆ ಕೂಡಲೇ ಶುರುವಾಗುವುದಿಲ್ಲ. ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಹಾರ್ಮೋನು ವರ್ಷಗಟ್ಟಲೆ ಇಳಿಯುವ ಬದಲು ಒಮ್ಮೆಲೇ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿಯಲ್ಲಿ ಏನೇನು ತೆಗೆದರು ಎಂದು ಬರೆದಿರುತ್ತದೆ. ಅದನ್ನು ಓದಿಸಿ ತಿಳಿದುಕೊಂಡು, ಅಂಡಾಶಯ ಇಲ್ಲದವರು ಮೂವತ್ತೈದೇ ಆಗಿರಲಿ ನಲವತ್ತೇ ಆಗಿರಲಿ, ಆಗಿನಿಂದಲೇ ಅಳತೆ ಶುರುಮಾಡಬೇಕು.

ಅಂಕಿ ಏರಿದರೆ ಮುಂದೇನು?

ಸೊಂಟ 80 ದಾಟಿದವರು ಮೊದಲು ಮಾಡಬೇಕಾದದ್ದು ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆ. ಅಳತೆಯೇ ಕಾಯಿಲೆಯಲ್ಲ, ಎಲ್ಲಿ ಹುಡುಕಬೇಕು ಎಂದು ಅದು ಹೇಳುತ್ತದೆ. ಬಿಸಿಯೇರುವುದು, ಬೆವರುವುದು ವಿಪರೀತವಾದವರಿಗೆ ವೈದ್ಯರು ಕೊಡುವ ಹಾರ್ಮೋನು ಚಿಕಿತ್ಸೆ ಹೊಟ್ಟೆಯ ಕೊಬ್ಬನ್ನು ಸ್ವಲ್ಪ ತಡೆಯುತ್ತದೆ. ಆದರೆ ಬರಿಯ ಹೊಟ್ಟೆ ಇಳಿಸಲು ಅದನ್ನು ಕೊಡುವುದಿಲ್ಲ.

ಮಲಗಿ ಎದ್ದು ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಯಾವ ಸ್ನಾಯು ಕೆಲಸ ಮಾಡಿತೋ ಅದರ ಪಕ್ಕದ ಕೊಬ್ಬನ್ನೇ ದೇಹ ತೆಗೆಯುವುದಿಲ್ಲ. ಆದರೆ ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಬಿರುಸಾದ ನಡಿಗೆ ವಾರಕ್ಕೆ 150 ನಿಮಿಷವಾದರೂ ಆದರೆ ಒಳಗಿನ ಕೊಬ್ಬು ಇಳಿಯುತ್ತದೆ, ಎಷ್ಟೋ ಸಲ ತೂಕ ಇಳಿಯುವ ಮೊದಲೇ ಇಳಿಯುತ್ತದೆ. ನಡೆಯಲು ಶುರುಮಾಡಿ ಮೂರು ತಿಂಗಳಾದರೂ ತೂಕ ಅಲುಗಲಿಲ್ಲ ಎಂದು ಬಿಟ್ಟುಬಿಡುವವರು ಬಹಳ. ಅವರು ಸೊಂಟ ಅಳೆದುಕೊಂಡಿದ್ದರೆ ಎರಡು ಸೆಂ.ಮೀ. ಇಳಿದದ್ದು ಕಾಣುತ್ತಿತ್ತೇನೋ. ನಡಿಗೆಯ ಜೊತೆಗೆ ಕಾಲು, ಪೃಷ್ಠದ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ವಾರಕ್ಕೆ ಎರಡು ದಿನ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಹದಿನೈದು ಸಲ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು ಇದಕ್ಕೆ ಒಳ್ಳೆಯ ಆರಂಭ. ಇವು ಪೃಷ್ಠದ ಅಳತೆ ಇಳಿಯದಂತೆ ನೋಡಿಕೊಳ್ಳುತ್ತವೆ. ತಟ್ಟೆಯಲ್ಲಿ ಅನ್ನ, ಮುದ್ದೆ ಸ್ವಲ್ಪ ಕಡಿಮೆಯಾಗಿ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಹೆಚ್ಚಿದರೆ ಆ ಸ್ನಾಯುಗಳಿಗೆ ಬೇಕಾದ ಪ್ರೋಟೀನ್ ಸಿಗುತ್ತದೆ.

ಸರ್ಕಾರದ ಲೆಕ್ಕದಲ್ಲೂ ಈ ವಯಸ್ಸಿನ ಹೆಂಗಸರು ಕಾಣುವಂತಾಗಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಸೊಂಟ ಮತ್ತು ಪೃಷ್ಠ ಎರಡನ್ನೂ ಅಳೆಯಿತು. ನೂರಕ್ಕೆ ಸುಮಾರು 57 ಹೆಂಗಸರು 0.85ರ ಗೆರೆಯ ಮೇಲಿದ್ದರು. ಆದರೆ ಆ ಅಂಕಿ 15ರಿಂದ 49 ವರ್ಷದವರದು. ನಮ್ಮಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46ರಿಂದ 47. ಅಂದರೆ ಬದಲಾವಣೆ ಜೋರಾಗಿ ನಡೆಯುವ ವರ್ಷಗಳ ಬಹುಪಾಲು ಆ ಅಂಕಿಯ ಹೊರಗೇ ಉಳಿಯಿತು. ಮೂವತ್ತು ದಾಟಿದವರ ಮನೆಗೆ ಬಂದು ಆಶಾ ಕಾರ್ಯಕರ್ತೆಯರು ತುಂಬಿಸುವ ಅರ್ಜಿಯಲ್ಲಿ ಸೊಂಟದ ಅಳತೆಗೆ ಒಂದು ಸಾಲು ಇದೆ. ಹೆಂಗಸರಿಗೆ 80 ಸೆಂ.ಮೀ. ವರೆಗೆ ಸೊನ್ನೆ ಅಂಕ, 81ರಿಂದ 90ಕ್ಕೆ ಒಂದು, ಅದರ ಮೇಲೆ ಎರಡು. ಪೃಷ್ಠದ ಅಳತೆಗೆ ಅಲ್ಲಿ ಜಾಗವಿಲ್ಲ. ಅದನ್ನೂ ಸೇರಿಸಲು ಇನ್ನೊಂದು ಸಾಲು ಸಾಕು. ಅಲ್ಲಿಯವರೆಗೆ, ಮುಂದಿನ ಸಲ ಆಶಾ ಅಕ್ಕ ಮನೆಗೆ ಬಂದಾಗ ಅಂದಾಜಿಗೆ ಬರೆಯಲು ಬಿಡದೆ ಟೇಪು ಹಿಡಿಸಿ ಅಳೆಸಿಕೊಳ್ಳಿ. ಮನೆಯಲ್ಲಿ ಅಮ್ಮ, ಅತ್ತೆ, ಅಕ್ಕ ಈ ವಯಸ್ಸಿನಲ್ಲಿದ್ದರೆ ಅವರದ್ದನ್ನೂ ಅಳೆಸಿ, ಎರಡು ಅಂಕಿಗಳನ್ನೂ ತಾರೀಖಿನ ಸಮೇತ ಬಿ.ಪಿ. ಚೀಟಿಯ ಮೇಲೆ ಬರೆದಿಡಿ. ಆರು ತಿಂಗಳ ನಂತರ ವೈದ್ಯರ ಮುಂದೆ ಆ ಚೀಟಿ ಇಟ್ಟರೆ, ಬಿಎಂಐ 'ನಾರ್ಮಲ್' ಎಂದು ಹೇಳಿ ಯಾರೂ ನಿಮ್ಮನ್ನು ವಾಪಸ್ ಕಳಿಸಲಾರರು.